ಐದು ತಿಂಗಳ ಕೆಮ್ಮು ಮತ್ತು ಮಗನ ಪತ್ರ: ಗಡಿನಾಡಿನ ಒಂದು ಪ್ರಕರಣ ಅಧ್ಯಯನ

ಫೆಬ್ರವರಿ ತಿಂಗಳ ಒಂದು ಸೋಮವಾರ ಬೆಳಗ್ಗೆ, ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ 67 ವರ್ಷದ ನಿವೃತ್ತ ಅಧ್ಯಾಪಕರೊಬ್ಬರು ಬಂದರು. ಕುಳಿತುಕೊಳ್ಳುವ ಮೊದಲೇ ಅಂಗಿಯ ಕಿಸೆಯಿಂದ ಮಡಚಿದ ಎರಡು ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟು, "ಮಗ ಬರೆದದ್ದು. ಡಾಕ್ಟರಿಗೆ ತೋರಿಸಲೆಂದು ತಂದಿದ್ದೇನೆ" ಎಂದರು. ಆ ಪತ್ರದಲ್ಲಿ ಎರಡು ಕಡೆ ಕೆಂಪು ಶಾಯಿಯ ತಿದ್ದುಪಡಿಗಳಿದ್ದವು. ತಂದೆ ಮತ್ತು ಮಗ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ತಿಂಗಳುಗಟ್ಟಲೆ ಕೆಮ್ಮುವ ಹಿರಿಯರನ್ನು ಪರೀಕ್ಷೆಗೆ ಕರೆತರುವುದರಲ್ಲಿ ಸೋತ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಈ ಮಗ ಗೆದ್ದದ್ದು ಹೇಗೆ ಎಂಬುದಕ್ಕೂ ರೋಗ ಅಷ್ಟು ದಿನ ಅಡಗಿದ್ದದ್ದು ಹೇಗೆ ಎಂಬುದಕ್ಕೂ ಉತ್ತರ ಆ ಎರಡು ಹಾಳೆಗಳಲ್ಲಿಯೇ ಇತ್ತು.

ತಂದೆಯವರು ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆಗೆ ತಾಗಿ ಅಡಿಕೆ ತೋಟವಿದೆ. ಹದಿನೈದು ವರ್ಷಗಳ ಹಿಂದೆ ಬೀಡಿ ಬಿಟ್ಟಿದ್ದಾರೆ. ಮನೆಯಲ್ಲಿ ಪತ್ನಿ ಮತ್ತು ಅವರು ಇಬ್ಬರೇ. ಮಗ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಮೈಸೂರಿನಲ್ಲಿದ್ದು, ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಪತ್ರ ಹೀಗಿತ್ತು:

"ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಕ್ಷೇಮವಾಗಿದ್ದೇವೆ.

ಫೋನಿನಲ್ಲಿ ಕೆಮ್ಮಿನ ಮಾತು ಬಂದ ಕೂಡಲೇ ನೀವು ಫೋನನ್ನು ಅಮ್ಮನ ಕೈಗೆ ಕೊಡುತ್ತೀರಿ. ಆದುದರಿಂದ ಬರೆಯುತ್ತಿದ್ದೇನೆ. ಕೈಗೆ ಬಂದ ಬರಹವನ್ನು ನೀವು ಅರ್ಧಕ್ಕೆ ಬಿಡುವವರಲ್ಲ. ನನಗೆ ನೆನಪಿರುವಂತೆ ಮತ್ತು ಅಮ್ಮ ಹೇಳಿದಂತೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ತಪ್ಪಿದ್ದಲ್ಲಿ ದಯವಿಟ್ಟು ತಿದ್ದಿ.

ನವರಾತ್ರಿಗೆ ನಾವು ಊರಿಗೆ ಬಂದಾಗ ನಿಮಗೆ ಕೆಮ್ಮು ಇತ್ತು. ತೋಟಕ್ಕೆ ಮದ್ದು ಬಿಡುವವರ ಜೊತೆ ಮಳೆಯಲ್ಲಿ ನೆನೆದದ್ದು ಎಂದಿರಿ. ದೀಪಾವಳಿಗೆ ಮಳೆ ಬಿಟ್ಟಿತ್ತು, ಆಗ ಹವೆ ಬದಲಾದದ್ದು ಎಂದಿರಿ. ಡಿಸೆಂಬರಿನಲ್ಲಿ ಅಂಗಳದ ಅಡಿಕೆಯ ಧೂಳು ಎಂದಿರಿ, ಜನವರಿಯಲ್ಲಿ ಚಳಿ ಎಂದಿರಿ. ಅಪ್ಪಾ, ಕಾಲಕ್ಕೆ ತಕ್ಕಂತೆ ಕಾರಣ ಬದಲಾಗಿದೆ, ಕೆಮ್ಮು ಮಾತ್ರ ಹಾಗೆಯೇ ಇದೆ. ಧೂಳಿನಿಂದ ಬಂದದ್ದಾದರೆ, ಅಡಿಕೆ ಅಂಗಳಕ್ಕೆ ಬರುವ ಮೊದಲೇ ಅದು ಇದ್ದದ್ದು ಹೇಗೆ?

ಈ ನಡುವೆ ಮೂರು ಬಾರಿ ಮದ್ದು ತಂದಿದ್ದೀರಿ. ಎರಡು ಬಾರಿ ಏನೂ ಆಗಲಿಲ್ಲ. ಡಿಸೆಂಬರಿನಲ್ಲಿ ಕೊಟ್ಟ ಏಳು ದಿನಗಳ ಮಾತ್ರೆಯಿಂದ ಗುಣವಾಯಿತು ಎಂದು ನೀವೇ ಸಂತೋಷದಿಂದ ಹೇಳಿದಿರಿ, ನನಗೂ ಸಮಾಧಾನವಾಯಿತು. ಆದರೆ ಹೊಸವರ್ಷದ ಹೊತ್ತಿಗೆ ಕೆಮ್ಮು ಮರಳಿ ಬಂದಿದೆ. ಆ ಮಾತ್ರೆಯ ಖಾಲಿ ಪಟ್ಟಿಯನ್ನು ಅಮ್ಮ ಎತ್ತಿಟ್ಟಿದ್ದಾರೆ, ಹೋಗುವಾಗ ಅದನ್ನು ಕೊಂಡುಹೋಗಿ.

ಆಯಾಸದ ಬಗ್ಗೆ ನೀವು ನನ್ನಲ್ಲಿ ಹೇಳಿದ್ದಿಲ್ಲ. ಕೆಳಗಿನ ತೋಟದಿಂದ ಮೇಲೆ ಬರುವಾಗ ಎರಡು ಕಡೆ ನಿಲ್ಲುತ್ತೀರಿ, ಸಂಜೆಯಾದರೆ ಬಚ್ಚುತ್ತದೆ ಎಂದು ಮಲಗುತ್ತೀರಿ ಎಂದು ಅಮ್ಮ ಹೇಳಿದರು. ಕಳೆದ ವರ್ಷ ಅಡಿಕೆ ತೂಗುವ ತಕ್ಕಡಿಯ ಮೇಲೆ ನಾವಿಬ್ಬರೂ ನಿಂತು ನೋಡಿದಾಗ ನಿಮ್ಮ ತೂಕ 61 ಕಿಲೊ ಇತ್ತು. ಈಗ ಒಮ್ಮೆ ಅದೇ ತಕ್ಕಡಿಯ ಮೇಲೆ ನಿಂತು, ಎಷ್ಟಿದೆಯೆಂದು ಈ ಗೆರೆಯ ಮೇಲೆ ಬರೆಯಿರಿ: ________

ನಿಮ್ಮ ಮನಸ್ಸಿನಲ್ಲಿ ಏನಿದೆಯೆಂದು ನಾನು ಊಹಿಸಬಲ್ಲೆ. ಅಜ್ಜನ ತಮ್ಮ ಹೀಗೆಯೇ ಕೆಮ್ಮಿ ಕೆಮ್ಮಿ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದು ತೀರಿಕೊಂಡದ್ದನ್ನು ನೀವು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದವರು. ಅದೇ ಇರಬಹುದು, ಅದಲ್ಲದೆಯೂ ಇರಬಹುದು. ಏನೇ ಆದರೂ ಆ ಕೋಣೆಗೆ ನಿಮ್ಮನ್ನು ಯಾರೂ ಕಳಿಸುವುದಿಲ್ಲ. ಅವರ ಕಾಲದಲ್ಲಿ ಆ ಮನೆಗೆ ಮದ್ದು ತಲಪಿರಲಿಲ್ಲ, ಇಂದು ತಲಪುತ್ತದೆ.

ನನ್ನ ಬೇಡಿಕೆ ಒಂದು ದಿನದ್ದು. ಬರುವ ಸೋಮವಾರ ಬೆಳಗ್ಗೆ 8 ಗಂಟೆಗೆ ಚಿಕ್ಕಪ್ಪ ಜೀಪು ತರುತ್ತಾರೆ. ಕೊಯ್ಲಿನವರು ಬರುವುದು ಗುರುವಾರ ಎಂದು ಅಮ್ಮನಲ್ಲಿ ಕೇಳಿ ತಿಳಿದುಕೊಂಡಿದ್ದೇನೆ. ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ, ಸಕ್ಕರೆ ಸಹಿತ ರಕ್ತ ಪರೀಕ್ಷೆ, ಇಷ್ಟು ಆಗಬೇಕು. ಕೌಂಟರಿನಲ್ಲಿ ಅಥವಾ ಬೇರೆ ಡಾಕ್ಟರರು ಮಲಯಾಳದಲ್ಲಿ ಕೇಳಿದರೆ ಹೇಳಲು ಎರಡು ವಾಕ್ಯಗಳನ್ನು ಸಹೋದ್ಯೋಗಿಯೊಬ್ಬರಲ್ಲಿ ಕೇಳಿ ಬರೆದಿದ್ದೇನೆ: 'ನಾಲ್ ಮಾಸಮಾಯಿಟ್ಟ್ ಚುಮ ಉಂಡ್. ತೂಕ್ಕಂ ಕುರಞ್ಞು.' ಒಂದು ವಾರದಿಂದ ಎಂದು ದಯವಿಟ್ಟು ಹೇಳಬೇಡಿ.

ಸೋಮವಾರ ರಾತ್ರಿ ಫೋನು ಮಾಡುತ್ತೇನೆ. ಆಗ ಫೋನನ್ನು ಅಮ್ಮನಿಗೆ ಕೊಡದೆ ನೀವೇ ಮಾತನಾಡಬೇಕೆಂದು ಕೇಳಿಕೊಳ್ಳುವ, ನಿಮ್ಮ ಮಗ."

ಕೆಂಪು ಶಾಯಿಯ ಮೊದಲ ತಿದ್ದುಪಡಿ 'ನವರಾತ್ರಿ' ಎಂಬ ಪದದ ಮೇಲಿತ್ತು. ಅದನ್ನು ಹೊಡೆದು, ಪಕ್ಕದಲ್ಲಿ ಗುಂಡಾದ ಅಕ್ಷರಗಳಲ್ಲಿ 'ಚೌತಿಯ ದಿನವೇ ಇತ್ತು' ಎಂದು ಅಧ್ಯಾಪಕರು ಬರೆದಿದ್ದರು. ಅದಕ್ಕೆ ಹೊಂದುವಂತೆ, ನಾಲ್ಕು ತಿಂಗಳಿಂದ ಕೆಮ್ಮು ಇದೆ ಎನ್ನುವ ಮಲಯಾಳ ವಾಕ್ಯದ 'ನಾಲ್' ಎಂಬುದನ್ನು 'ಅಂಜ್' ಎಂದು ಮಾಡಿದ್ದರು. ಖಾಲಿ ಗೆರೆಯ ಮೇಲೆ 54 ಎಂದಿತ್ತು. ವರ್ಷಗಟ್ಟಲೆ ರೋಗಿಗಳಲ್ಲಿ ಪ್ರಶ್ನೆ ಕೇಳಿ ಕೇಳಿ ನಾವು ಪಡೆಯಲು ಹೆಣಗುವ ಇತಿವೃತ್ತ, ರೋಗಿಯೇ ಪರಿಶೀಲಿಸಿ ಒಪ್ಪಿದ ರೂಪದಲ್ಲಿ, ನನ್ನ ಮುಂದೆ ಇತ್ತು. ಪ್ರಯತ್ನಿಸದೆಯೇ ಒಂದು ವರ್ಷದಲ್ಲಿ 61 ಕಿಲೊ 54ಕ್ಕೆ ಇಳಿದಿದೆಯೆಂದರೆ ದೇಹದ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗಿದೆ. ಕೆಮ್ಮನ್ನು ಬದಿಗಿಟ್ಟರೂ ಅದೊಂದೇ ಪರೀಕ್ಷೆಗೆ ಸಾಕಾದ ಕಾರಣ.

ಈ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು, 'ಒಂದು ವಾರದಿಂದ ಎಂದು ಹೇಳಬೇಡಿ' ಎಂಬ ವಾಕ್ಯ. ತಂದೆಯವರು ತಂದಿದ್ದ ಹಳೆಯ ಚೀಟಿಗಳನ್ನು ನೋಡಿದೆ. ಹಿಂದೆ ನೋಡಿದ ಮೂರೂ ಕಡೆಗಳಲ್ಲಿ ಕೆಮ್ಮಿನ ಅವಧಿಯೆಂದು ಬರೆದದ್ದು ಒಂದು ವಾರ, ಐದು ದಿನ, ಮತ್ತೆ ಒಂದು ವಾರ. ಅವರು ಸುಳ್ಳು ಹೇಳಿರಲಿಲ್ಲ. ಕೆಮ್ಮು ಜೋರಾಗಿ ಎಷ್ಟು ದಿನವಾಯಿತು ಎಂಬುದನ್ನು ಹೇಳಿದ್ದರು. ಕನ್ನಡದಲ್ಲಿ ಕೇಳಿದ್ದರೆ 'ಮೊದಲಿನಿಂದಲೂ ಇತ್ತು, ಈಗ ಹೆಚ್ಚಾಗಿದೆ' ಎಂದು ವಿವರಿಸುತ್ತಿದ್ದರೋ ಏನೋ. ಮಲಯಾಳದಲ್ಲಿ ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮಾತು ಮಾತ್ರ ಬರುವ ನಮ್ಮ ಭಾಗದ ಹಿರಿಯರು, ಹಿಂದೆ ಸಾಲು ನಿಂತಿರುವಾಗ, ಹೇಳಲು ಸುಲಭವಾದ ಚಿಕ್ಕ ಉತ್ತರವನ್ನು ಕೊಟ್ಟು ಎದ್ದುಬಿಡುತ್ತಾರೆ. ಇವರು ಹೇಳಿದ್ದ 'ಕ್ಷೀಣ' ಎಂಬ ಮಾತಿನ ಗತಿಯೂ ಹಾಗೆಯೇ ಆಯಿತು. ಮೈ ಇಳಿದು ಸೊರಗಿದ್ದೇನೆ ಎಂಬ ಅರ್ಥದಲ್ಲಿ ಇವರು ಆ ಪದವನ್ನು ಬಳಸಿದ್ದರು. ಮಲಯಾಳದ 'ಕ್ಷೀಣಂ' ದಿನನಿತ್ಯದ ದಣಿವಿಗೂ ಸಲ್ಲುವ ಪದವಾದುದರಿಂದ, ಚೀಟಿಯಲ್ಲಿ ದಣಿವು ಎಂದಷ್ಟೇ ದಾಖಲಾಗಿ, ಒಂದು ಶಕ್ತಿಯ ಟಾನಿಕ್ ಬರೆಯಲ್ಪಟ್ಟಿತ್ತು.

ಅವಧಿ ಇಷ್ಟು ಮುಖ್ಯವಾಗಲು ಕಾರಣವಿದೆ. ನಮ್ಮ ದೇಶದ ಕ್ಷಯ ನಿರ್ಮೂಲನ ಕಾರ್ಯಕ್ರಮದ ನಿಯಮದಂತೆ, ಎರಡು ವಾರ ಮೀರಿದ ಕೆಮ್ಮು ಇರುವವರ ಕಫವನ್ನು ಪರೀಕ್ಷಿಸಬೇಕು. ಹಾಗಾಗಿ ಚೀಟಿಯಲ್ಲಿ 'ಒಂದು ವಾರ' ಎಂದು ಬಿದ್ದ ಕೂಡಲೇ ಆ ಬಾಗಿಲು ಮುಚ್ಚುತ್ತದೆ, ಸಾಮಾನ್ಯ ಸೋಂಕಿನ ಮದ್ದು ಸಿಗುತ್ತದೆ, ಮತ್ತು ಪ್ರತಿ ಭೇಟಿಯೂ ಹೊಸ ಕೆಮ್ಮಿನ ಮೊದಲ ಭೇಟಿಯಾಗಿಬಿಡುತ್ತದೆ.

ಅಮ್ಮ ಎತ್ತಿಟ್ಟ ಖಾಲಿ ಪಟ್ಟಿ ಇನ್ನೊಂದು ಒಗಟನ್ನು ಬಿಡಿಸಿತು. ಡಿಸೆಂಬರಿನಲ್ಲಿ ಅವರು ತೆಗೆದುಕೊಂಡದ್ದು ಲೆವೊಫ್ಲಾಕ್ಸಾಸಿನ್. ಸಾಮಾನ್ಯ ಎದೆಯ ಸೋಂಕಿಗೆ ಕೊಡುವ ಈ ಮದ್ದಿಗೆ ಕ್ಷಯದ ಕ್ರಿಮಿಯನ್ನೂ ಹತ್ತಿಕ್ಕುವ ಶಕ್ತಿಯಿದೆ. ಮದ್ದಿಗೆ ಬಗ್ಗದ ಕ್ಷಯದ ಚಿಕಿತ್ಸೆಯಲ್ಲಿ ಅದನ್ನು ತಿಂಗಳುಗಟ್ಟಲೆ ಬಳಸುತ್ತಾರೆ. ಏಳು ದಿನ ತೆಗೆದುಕೊಂಡರೆ ಒಂದಷ್ಟು ಕ್ರಿಮಿಗಳು ಸಾಯುತ್ತವೆ, ಕೆಮ್ಮು ಇಳಿಯುತ್ತದೆ, ಜ್ವರ ಬಿಡುತ್ತದೆ, ಉಳಿದವು ಕೆಲವು ವಾರಗಳಲ್ಲಿ ಮತ್ತೆ ಹೆಚ್ಚುತ್ತವೆ. ಆ ಅವಧಿಯಲ್ಲಿ ಕಫ ಪರೀಕ್ಷಿಸಿದರೂ ಕ್ರಿಮಿ ಕಾಣದಿರಬಹುದು. ಗುಣವಾಗುತ್ತಾ ಬಂದು ಮರಳಿದ ಕೆಮ್ಮು, ಎಂದೂ ಗುಣವಾಗದ ಕೆಮ್ಮಿಗಿಂತ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ ಎಂದು ನಾನು ತಿಳಿಯುವುದು ಇದಕ್ಕಾಗಿ. ತಂದೆಯವರಾದರೋ ಆ ಹತ್ತು ದಿನಗಳ ಸುಖವನ್ನೇ ಹಿಡಿದು, ಅದೇ ಮಾತ್ರೆಯನ್ನು ಇನ್ನೊಮ್ಮೆ ತರಿಸುವ ಯೋಚನೆಯಲ್ಲಿದ್ದರು.

ಪರೀಕ್ಷಿಸುವಾಗ ನನ್ನ ಮನಸ್ಸಿನಲ್ಲಿ ಕ್ಷಯ ಒಂದೇ ಇರಲಿಲ್ಲ. ಹಳೆಯ ಬೀಡಿಯಿಂದ ಶ್ವಾಸನಾಳ ಕುಗ್ಗಿರುವ ಕಾಯಿಲೆಯಿರಬಹುದಿತ್ತು, ಆದರೆ ಅದು ವರ್ಷಗಳ ಕಾಲ ನಿಧಾನವಾಗಿ ಬೆಳೆಯುತ್ತದೆ, ಒಂದು ವರ್ಷದಲ್ಲಿ ಏಳು ಕಿಲೊ ಕರಗಿಸುವುದು ಅದರ ರೀತಿಯಲ್ಲ. ರಕ್ತದೊತ್ತಡದ ಮಾತ್ರೆಯಿಂದ ಕೆಮ್ಮು ಬರುತ್ತದೆ ಎಂದು ಅವರ ಭಾವ ಹೇಳಿದ್ದರಂತೆ. ಅದು ನಿಜವೇ: ಎನಾಲಾಪ್ರಿಲ್, ರಾಮಿಪ್ರಿಲ್ ವರ್ಗದ ಮಾತ್ರೆಗಳಿಂದ ಕಫವಿಲ್ಲದ ಒಣ ಕೆಮ್ಮು ಬರುವುದುಂಟು. ಇವರು ತೆಗೆದುಕೊಳ್ಳುತ್ತಿದ್ದದ್ದು ಆ ವರ್ಗಕ್ಕೆ ಸೇರದ ಆಮ್ಲೊಡಿಪಿನ್. ಶ್ವಾಸಕೋಶದ ಅರ್ಬುದದ ಸಾಧ್ಯತೆ ಮಾತ್ರ ಗಂಭೀರವಾಗಿ ಉಳಿದಿತ್ತು. ವಯಸ್ಸು, ಹಳೆಯ ಬೀಡಿ, ಇಳಿದ ತೂಕ, ಮೂರೂ ಆ ಕಡೆಗೂ ಬೆರಳು ತೋರುತ್ತಿದ್ದವು. ಮಗ ಪತ್ರದಲ್ಲಿ ಆ ಪದವನ್ನು ಎತ್ತಿರಲಿಲ್ಲ. ನಾನೂ ಆ ಹೊತ್ತಿಗೆ ಎತ್ತಲಿಲ್ಲ.

ಸಂಜೆ ಮೈ ಬಿಸಿಯಾಗುತ್ತದೆಯೇ ಎಂದು ಕೇಳಿದಾಗ ಅವರು ಇಲ್ಲವೆಂದರು. ಜೊತೆಗಿದ್ದ ಪತ್ನಿ, "ರಾತ್ರಿ ಬನಿಯನ್ ಒದ್ದೆಯಾಗಿ ಎರಡು ಸಲ ಬದಲಾಯಿಸುತ್ತಾರೆ" ಎಂದರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಮಸುಕಾದ ನೆರಳೂ ಅದರ ನಡುವೆ ಒಂದು ಸಣ್ಣ ಕುಹರವೂ ಕಂಡಿತು. ಕ್ಷಯದಲ್ಲಿ ಇದು ಪರಿಚಿತ ಚಿತ್ರ, ಆದರೆ ಅರ್ಬುದವೂ ಕೆಲವೊಮ್ಮೆ ಹೀಗೆ ಟೊಳ್ಳಾಗುತ್ತದೆ. ಎಕ್ಸ್‌ರೇ ಎಲ್ಲಿ ನೋಡಬೇಕೆಂದು ಹೇಳುತ್ತದೆ, ಏನೆಂದು ಹೇಳಬೇಕಾದದ್ದು ಕಫ.

ಕಫದ ಪರೀಕ್ಷೆಯೇ ಈ ಪ್ರಕರಣದಲ್ಲಿ ಎಡವಿದ ಜಾಗ. ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುವ ಟ್ರೂನಾಟ್ ಪರೀಕ್ಷೆಗೆ ಅವರನ್ನು ಕಳಿಸಿದೆ. ಕಫದಲ್ಲಿರುವ ಕ್ರಿಮಿಯ ವಂಶವಾಹಿ ತುಣುಕನ್ನು ಹುಡುಕುವ ಈ ಯಂತ್ರದ ಫಲಿತಾಂಶ ಅದೇ ದಿನ ಸಿಗುತ್ತದೆ. ಫಲಿತಾಂಶ 'ಕ್ರಿಮಿ ಕಂಡಿಲ್ಲ' ಎಂದು ಬಂತು. ತಂದೆಯವರ ಮುಖ ಅರಳಿತು. ಆದರೆ ಪ್ರಯೋಗಾಲಯದ ಚೀಟಿಯ ಮೂಲೆಯಲ್ಲಿ ಮಾದರಿ 'ಜೊಲ್ಲಿನಂತಿದೆ' ಎಂಬ ಟಿಪ್ಪಣಿಯಿತ್ತು. ಕೇಳಿದಾಗ ತಿಳಿದದ್ದಿಷ್ಟು: ಜನರ ನಡುವೆ ಕ್ಯಾಕರಿಸಲು ನಾಚಿಕೆಪಟ್ಟು, ಮರೆಗೆ ಹೋಗಿ ಬಾಯಲ್ಲಿದ್ದ ಜೊಲ್ಲನ್ನೇ ಡಬ್ಬಿಗೆ ಉಗುಳಿ ಕೊಟ್ಟಿದ್ದರು. ವರ್ಷಗಟ್ಟಲೆ ಇತರರಿಗೆ ಶಿಸ್ತು ಕಲಿಸಿದ ಮನುಷ್ಯನಿಂದ ಇದು ಸಹಜವೇ. ಪರೀಕ್ಷೆ ಎಷ್ಟೇ ಸೂಕ್ಷ್ಮವಾಗಿರಲಿ, ಡಬ್ಬಿಯಲ್ಲಿ ಇಲ್ಲದ್ದನ್ನು ಅದು ಕಾಣಲಾರದು.

ಆದ್ದರಿಂದ ಎರಡನೆಯ ಡಬ್ಬಿಯನ್ನು ಮನೆಗೆ ಕೊಟ್ಟು, ಬೆಳಗಿನ ಕಫ ಬೇಕೆಂದು ವಿವರಿಸಿದೆ. ಎದ್ದ ಕೂಡಲೇ, ಚಹಾ ಕುಡಿಯುವ ಮೊದಲು, ಬರೇ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಅಂಗಳದ ತುದಿಯಲ್ಲಿ, ಗಾಳಿಯಾಡುವಲ್ಲಿ, ಯಾರೂ ಹತ್ತಿರವಿಲ್ಲದಾಗ ನಿಂತು, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು ಕ್ಷಣ ಹಿಡಿದು ಬಿಡಬೇಕು. ಅನಂತರ ಹೊಟ್ಟೆಯ ಆಳದಿಂದ ಕೆಮ್ಮಿ, ಬಂದದ್ದನ್ನು ನೇರವಾಗಿ ಡಬ್ಬಿಗೆ ಹಾಕಬೇಕು. ಮಂದವಾಗಿ, ಹಳದಿ ಬಣ್ಣಕ್ಕೆ ಇದ್ದು, ಎಳೆದರೆ ನೂಲಿನಂತೆ ಬರುವುದು ಕಫ. ನೊರೆಯಾಗಿ ತೆಳ್ಳಗಿರುವುದು ಜೊಲ್ಲು. ಒಂದು ಸಣ್ಣ ಚಮಚದ ಅರ್ಧದಷ್ಟಾದರೂ ಬೇಕು. ಮರುದಿನದ ಮಾದರಿಯಲ್ಲಿ ಕ್ಷಯದ ಕ್ರಿಮಿ ಕಂಡಿತು. ಮುಖ್ಯ ಮದ್ದಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆ ಎಂಬುದೂ ತಿಳಿಯಿತು. ಎರಡನೆಯದೂ ಶೂನ್ಯ ಬಂದಿದ್ದರೆ, ಸಿಟಿ ಸ್ಕ್ಯಾನ್ ಮತ್ತು ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ ಮಂಗಳೂರಿಗೆ ಕಳಿಸುವುದೆಂದು ನಿಶ್ಚಯಿಸಿದ್ದೆ.

ರಕ್ತ ಪರೀಕ್ಷೆ ಇನ್ನೊಂದನ್ನು ಹೊರಗೆಳೆಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಅಂಕಿ 9.1 ಇತ್ತು, 6.5 ಮುಟ್ಟಿದರೇ ಮಧುಮೇಹ. ಅವರಿಗೆ ಇದು ಗೊತ್ತೇ ಇರಲಿಲ್ಲ. ಮಧುಮೇಹವಿರುವವರಲ್ಲಿ ಕ್ಷಯ ತಲೆಯೆತ್ತುವ ಸಂಭವ ಎರಡು ಮೂರು ಪಟ್ಟು ಹೆಚ್ಚು, ಮತ್ತು ತೋಟದ ಏರಿನಲ್ಲಿ ಎರಡು ಕಡೆ ನಿಲ್ಲಿಸುತ್ತಿದ್ದ ಆಯಾಸದಲ್ಲಿ ಇದರ ಪಾಲೂ ಇತ್ತು. 'ಸಕ್ಕರೆ ಸಹಿತ' ಎಂದು ಮಗ ಬರೆದದ್ದು ಎಲ್ಲಿಂದ ಎಂದು ಆಮೇಲೆ ಕೇಳಿದೆ. ಅಮ್ಮ ಫೋನಿನಲ್ಲಿ, ರಾತ್ರಿ ಮೂತ್ರಕ್ಕೆ ಮೂರು ನಾಲ್ಕು ಸಲ ಏಳುತ್ತಾರೆ ಎಂದಿದ್ದರಂತೆ.

ರೋಗದ ಹೆಸರನ್ನು ಹೇಳಿದ ದಿನ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಊಟದ ಬಟ್ಟಲು ಬೇರೆ ಇಡಬೇಕೇ?" ಎಂಬುದು. ಬಟ್ಟಲಿನಿಂದ ಇದು ಹರಡುವುದಿಲ್ಲ, ಕೆಮ್ಮಿದಾಗ ಗಾಳಿಗೆ ಸೇರುವ ಕಣಗಳಿಂದ ಹರಡುತ್ತದೆ, ಮದ್ದು ಆರಂಭವಾದ ಮೇಲೆ ಹರಡುವ ಶಕ್ತಿ ಬೇಗನೆ ಕುಗ್ಗುತ್ತದೆ, ಮೊದಲ ಕೆಲವು ವಾರ ಬಾಯಿಗೆ ಬಟ್ಟೆ ಮತ್ತು ತೆರೆದ ಕಿಟಕಿ ಇದ್ದರೆ ಸಾಕು ಎಂದು ತಿಳಿಸಿದೆ. ಕ್ಷಯ ರೋಗಿಯನ್ನು ಮನೆಯಲ್ಲಿಟ್ಟು ಮದ್ದು ಕೊಟ್ಟರೂ ಆರೋಗ್ಯಧಾಮದಲ್ಲಿಟ್ಟಷ್ಟೇ ಗುಣವಾಗುತ್ತದೆ, ಮನೆಯವರಿಗೆ ಅಪಾಯವೂ ಹೆಚ್ಚುವುದಿಲ್ಲ ಎಂದು 1959ರಲ್ಲಿ ಲೋಕಕ್ಕೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ಮದರಾಸಿನಲ್ಲಿ ನಡೆದ ಅಧ್ಯಯನವೇ ಎಂಬುದನ್ನೂ ಹೇಳಿದೆ. ಅಧ್ಯಾಪಕರಿಗೆ ಇಸವಿ ಹೇಳಿದರೆ ನಂಬಿಕೆ ಬರುತ್ತದೆ ಎಂದು ಅಷ್ಟರಲ್ಲಿ ನಾನು ಕಲಿತಿದ್ದೆ.

ಎರಡು ತಿಂಗಳು ನಾಲ್ಕು ಮದ್ದುಗಳು, ಅನಂತರ ನಾಲ್ಕು ತಿಂಗಳು ಮೂರು ಮದ್ದುಗಳು. ಎಲ್ಲವೂ ಕೂಡಿದ ಮಾತ್ರೆಗಳಾಗಿ ಉಚಿತವಾಗಿ ಸಿಗುತ್ತವೆ. ಅವರ ತೂಕಕ್ಕೆ ದಿನಕ್ಕೆ ನಾಲ್ಕು ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಹೆದರಬಾರದು ಎಂದು ಮೊದಲೇ ಹೇಳಿದೆ. ಊಟ ಸೇರದೆ ವಾಂತಿಯಾದರೆ, ಕಣ್ಣು ಹಳದಿಯಾದರೆ ಅಥವಾ ದೃಷ್ಟಿ ಮಂಜಾದರೆ ಕಾಯದೆ ಬರಬೇಕೆಂದೂ ಹೇಳಿದೆ. ಪತ್ನಿಯ ಎಕ್ಸ್‌ರೇ ಸ್ವಚ್ಛವಾಗಿತ್ತು.

ಮೊಮ್ಮಗಳ ವಿಚಾರವನ್ನು ಅವರೇ ಎತ್ತಿದರು. ಡಿಸೆಂಬರಿನಲ್ಲಿ ಎರಡು ವಾರ ಆಕೆ ಅಜ್ಜನ ಮಗ್ಗುಲಲ್ಲಿಯೇ ಮಲಗಿದ್ದಳು. ಐದು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗನೆ ರೋಗವಾಗುವುದರಿಂದ ಆಕೆಯನ್ನು ಮೈಸೂರಿನಲ್ಲಿ ಪರೀಕ್ಷಿಸಲಾಯಿತು. ರೋಗವಿರಲಿಲ್ಲ, ತಡೆಯಲು ಆರು ತಿಂಗಳ ಐಸೊನಯಾಜಿಡ್ ಆರಂಭಿಸಿದರು. ಮಗ ನನಗೆ ಆಮೇಲೆ ಫೋನಿನಲ್ಲಿ ಹೇಳಿದ ಮಾತೊಂದನ್ನು ಇಲ್ಲಿ ಬರೆಯಬೇಕು. ಪತ್ರದ ಮೊದಲ ಕರಡಿನಲ್ಲಿ, 'ಮಗುವಿಗೆ ತಾಗಿದರೆ ಏನು ಮಾಡುವುದು' ಎಂದು ಅವರು ಬರೆದಿದ್ದರಂತೆ. ಓದಿ ನೋಡಿ ಆ ಸಾಲನ್ನು ತೆಗೆದರು. "ಆ ಸಾಲು ಇದ್ದಿದ್ದರೆ ಅಪ್ಪ ಆಸ್ಪತ್ರೆಗೆ ಹೋಗುತ್ತಿರಲಿಲ್ಲ ಡಾಕ್ಟ್ರೇ, ನಮ್ಮನ್ನು ಊರಿಗೆ ಬರಬೇಡಿ ಎನ್ನುತ್ತಿದ್ದರು" ಎಂದರು. ಆ ಕೊಟ್ಟಿಗೆಯ ಪಕ್ಕದ ಕೋಣೆಯನ್ನು ನೆನೆದಾಗ, ಮಗನ ಎಣಿಕೆ ಸರಿಯಾಗಿತ್ತು ಎಂದೇ ನನಗೂ ತೋರುತ್ತದೆ.

ಎರಡನೆಯ ತಿಂಗಳ ಕೊನೆಯಲ್ಲಿ ಕಫದಲ್ಲಿ ಕ್ರಿಮಿ ಇರಲಿಲ್ಲ. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಗಾಯ ಮಾಗುವಾಗ ಅದು ಸ್ವಲ್ಪ ಕಾಲ ಉಳಿಯುವುದುಂಟು. ಆ ದಿನ ಅವರು ಮಗನಿಗೆ ಬರೆದ ಉತ್ತರವನ್ನು ಅಂಚೆಗೆ ಹಾಕುವ ಮೊದಲು, ಅಂಕಿಗಳು ಸರಿಯಿವೆಯೇ ನೋಡಿ ಎಂದು ನನ್ನ ಕೈಗೆ ಕೊಟ್ಟರು. "ಚಿರಂಜೀವಿಗೆ ಆಶೀರ್ವಾದಗಳು. ತೂಕ 57. ಕಫ ಪರೀಕ್ಷೆ: ಕ್ರಿಮಿ ಇಲ್ಲ. ಬೆಳಗಿನ ಸಕ್ಕರೆ 128. ಮಾತ್ರೆ ಒಂದು ದಿನವೂ ತಪ್ಪಿಲ್ಲ, ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಕೆಳಗಿನ ತೋಟದಿಂದ ಬರುವಾಗ ಒಂದು ಕಡೆ ಮಾತ್ರ ನಿಂತೆ. ತಪ್ಪಿದ್ದಲ್ಲಿ ತಿದ್ದು."